ಗೆಸ್ಟ್ ಪೋಸ್ಟ್, ಪ್ರಾಯೋಜಿತ ಲೇಖನ: ಕೇಳುವುದು ಹೇಗೆ, ದರ ಹೇಳುವುದು ಹೇಗೆ

ಕನ್ನಡದಲ್ಲಿ ಅಡುಗೆ, ತಾರಸಿ ತೋಟ, ಪ್ರವಾಸ ಅಂತ ಒಂದೆರಡು ವರ್ಷದಿಂದ ಬ್ಲಾಗ್ ಬರೆಯುತ್ತಿರುವವರಿಗೆ ಇಂಥದ್ದೊಂದು ಇಮೇಲ್ ಬಂದೇ ಬಂದಿರುತ್ತದೆ: "ನಿಮ್ಮ ಸೈಟ್ ತುಂಬಾ ಚೆನ್ನಾಗಿದೆ. ನಾವೇ ಒಂದು ಲೇಖನ ಬರೆದುಕೊಡುತ್ತೇವೆ. ಅದರಲ್ಲಿ ಒಂದು ಡೂಫಾಲೋ ಲಿಂಕ್ ಇರಬೇಕು. ಎಷ್ಟು ತಗೊಳ್ತೀರಿ?" ಬ್ಲಾಗಿನ ಬಗ್ಗೆ ಯಾರೋ ಮೊದಲ ಸಲ ದುಡ್ಡಿನ ಮಾತೆತ್ತಿರುತ್ತಾರೆ. ಐನೂರು ಎನ್ನಬೇಕೋ, ಐದು ಸಾವಿರ ಎನ್ನಬೇಕೋ ಗೊತ್ತಾಗುವುದಿಲ್ಲ. ಅಸಲಿಗೆ ಅವರು ಕೊಳ್ಳಲು ಬಂದಿರುವುದು ಏನನ್ನು ಎಂಬುದೂ ಗೊತ್ತಿರುವುದಿಲ್ಲ.

ಇದೇ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಇದೆ. ಬರವಣಿಗೆ ಚೆನ್ನಾಗಿದೆ, ಆದರೆ ಸ್ವಂತ ಬ್ಲಾಗಿಗೆ ದಿನಕ್ಕೆ ಹತ್ತು ಜನವೂ ಬರುವುದಿಲ್ಲ. ಓದುಗರಿರುವ ಇನ್ನೊಬ್ಬರ ಬ್ಲಾಗಿನಲ್ಲಿ ಬರೆಯೋಣವೆಂದರೆ ಕಳಿಸಿದ ಇಮೇಲ್‌ಗೆ ಉತ್ತರವೇ ಇಲ್ಲ. ಎರಡೂ ಕಡೆಯವರಿಗೆ ತಿಳಿದಿರಬೇಕಾದ ಲೆಕ್ಕವನ್ನು ಒಂದೇ ಉದಾಹರಣೆ ಹಿಡಿದು ನೋಡೋಣ. ತಿಂಗಳಿಗೆ 18,000 ಬಾರಿ ಓದಿಸಿಕೊಳ್ಳುವ, ತಾರಸಿ ತೋಟದ ಬಗ್ಗೆ ಇರುವ ಕನ್ನಡ ಬ್ಲಾಗ್ ಒಂದಿದೆ ಎಂದಿಟ್ಟುಕೊಳ್ಳಿ.

## ಒಂದೇ ಹೆಸರಿನಲ್ಲಿ ಮೂರು ವ್ಯವಹಾರ

ಗೆಸ್ಟ್ ಪೋಸ್ಟ್ ಎಂದರೆ ಅತಿಥಿ ಲೇಖನ. ಬರೆಯುವವರು ತಮಗೆ ಗೊತ್ತಿರುವುದನ್ನು ಬರೆದುಕೊಡುತ್ತಾರೆ, ಬ್ಲಾಗಿನವರು ತಮ್ಮ ಓದುಗರ ಮುಂದಿಡುತ್ತಾರೆ. ಸಾಮಾನ್ಯವಾಗಿ ಇದರಲ್ಲಿ ಹಣ ಕೈ ಬದಲಾಯಿಸುವುದಿಲ್ಲ. ಬರೆದವರಿಗೆ ಹೆಸರು, ಪರಿಚಯದ ಎರಡು ಸಾಲು ಮತ್ತು ತಮ್ಮ ಬ್ಲಾಗಿಗೆ ಒಂದು ಕೊಂಡಿ ಸಿಗುತ್ತದೆ. ಬ್ಲಾಗಿನವರಿಗೆ ಒಂದು ಒಳ್ಳೆಯ ಲೇಖನ ಸಿಗುತ್ತದೆ.

ಪ್ರಾಯೋಜಿತ ಲೇಖನ ಬೇರೆ. ಅಲ್ಲಿ ಕಂಪನಿಯೊಂದು ತನ್ನ ವಸ್ತುವಿನ ಬಗ್ಗೆ ನಿಮ್ಮ ಬ್ಲಾಗಿನಲ್ಲಿ ಲೇಖನ ಬರಲೆಂದು ಹಣ ಕೊಡುತ್ತದೆ. ಹೆದ್ದಾರಿ ಪಕ್ಕದ ಮನೆಯವರು ತಮ್ಮ ಗೋಡೆಗೆ ಸಿಮೆಂಟ್ ಕಂಪನಿಯ ಹೆಸರು ಬರೆಸಿಕೊಳ್ಳಲು ಒಪ್ಪುವುದಿಲ್ಲವೇ, ಹಾಗೆ. ಗೋಡೆ ಕಟ್ಟಲು ಎಷ್ಟು ಖರ್ಚಾಯಿತು ಎಂಬುದರ ಮೇಲೆ ಬಾಡಿಗೆ ನಿಲ್ಲುವುದಿಲ್ಲ, ದಿನಕ್ಕೆ ಎಷ್ಟು ಜನ ಅದರ ಮುಂದೆ ಹಾದುಹೋಗುತ್ತಾರೆ ಎಂಬುದರ ಮೇಲೆ ನಿಲ್ಲುತ್ತದೆ. ಬ್ಲಾಗಿನಲ್ಲಿ ಒಂದು ವ್ಯತ್ಯಾಸವಿದೆ. ಇಲ್ಲಿ ಗೋಡೆಯ ಮೇಲೆ ಬರೆಯುವ ಕೆಲಸವನ್ನೂ ಬಹಳ ಸಲ ಮನೆಯವರೇ ಮಾಡಬೇಕಾಗುತ್ತದೆ. ಹಾಗಾಗಿ ಬಾಡಿಗೆಯ ಜೊತೆ ಕೂಲಿಯೂ ಸೇರುತ್ತದೆ.

ಮೂರನೆಯದು ಲಿಂಕ್ ಮಾರಾಟ. ಮೇಲಿನ ಇಮೇಲ್ ಕೇಳುತ್ತಿರುವುದು ಇದನ್ನೇ. ಅವರಿಗೆ ನಿಮ್ಮ ಓದುಗರೂ ಬೇಡ, ನಿಮ್ಮ ಬರಹವೂ ಬೇಡ. ಲೇಖನ ಬರಿಯ ಹೊದಿಕೆ, ಒಳಗಿರುವ ಕೊಂಡಿಯೇ ಸರಕು. ದರ ಹೇಳುವ ಮೊದಲು ಇದನ್ನು ಬೇರೆ ಮಾಡಿ ನೋಡಲೇಬೇಕು, ಏಕೆಂದರೆ ಇದರಲ್ಲಿ ಕಳೆದುಕೊಳ್ಳುವ ಅಪಾಯ ಇರುವುದು ಮಾರುವವರಿಗೆ.

## ಲಿಂಕಿಗೇಕೆ ಬೆಲೆ, ಗೂಗಲ್ ಏಕೆ ಒಪ್ಪುವುದಿಲ್ಲ

ಒಂದು ಪುಟ ಇನ್ನೊಂದು ಪುಟಕ್ಕೆ ಕೊಂಡಿ ಹಾಕಿದರೆ ಅದನ್ನು ಗೂಗಲ್ ಒಂದು ಶಿಫಾರಸಿನಂತೆ ನೋಡುತ್ತದೆ. ಊರಿನಲ್ಲಿ ನಾಲ್ಕು ಜನ "ಆ ವೈದ್ಯರ ಹತ್ತಿರ ಹೋಗಿ" ಎಂದರೆ ಆ ವೈದ್ಯರ ಮೇಲೆ ನಂಬಿಕೆ ಬರುವ ಹಾಗೆ, ಕೊಂಡಿಗಳು ಹುಡುಕಾಟದಲ್ಲಿ ಒಂದು ಪುಟ ಮೇಲೇರಲು ನೆರವಾಗುತ್ತವೆ. ದುಡ್ಡು ಪಡೆದು ಶಿಫಾರಸು ಮಾಡಿದರೆ ಈ ಲೆಕ್ಕ ಕೆಡುತ್ತದೆ. ಆದ್ದರಿಂದ ಹಣ ಅಥವಾ ವಸ್ತು ಪಡೆದು ಹಾಕಿದ ಕೊಂಡಿಗೆ ಗುರುತು ಹಾಕಬೇಕು ಎಂಬುದು ಗೂಗಲ್‌ನ ನಿಯಮ. 2005ರಲ್ಲಿ `nofollow` ಎಂಬ ಗುರುತು ಬಂತು, 2019ರಲ್ಲಿ ಹಣ ಪಡೆದ ಕೊಂಡಿಗೆಂದೇ `sponsored` ಎಂಬುದು ಬಂತು. ಎರಡರಲ್ಲಿ ಯಾವುದನ್ನು ಹಾಕಿದರೂ ನಡೆಯುತ್ತದೆ. ಪ್ರಾಯೋಜಿತ ಲೇಖನಕ್ಕೆ ಎರಡನೆಯದೇ ಸರಿಯಾದದ್ದು:

```html
<a href="https://example.com/" rel="sponsored">ಹನಿ ನೀರಾವರಿ ಕಿಟ್</a>
```

ವರ್ಡ್‌ಪ್ರೆಸ್‌ನಲ್ಲಿ ಆ ಪ್ಯಾರಾದ ಮೆನು ತೆರೆದು `Edit as HTML` ಒತ್ತಿದರೆ ಇದನ್ನು ಸೇರಿಸಬಹುದು. ಬ್ಲಾಗರ್‌ನಲ್ಲಿ `HTML view`ಗೆ ಹೋಗಬೇಕು. ಓದುಗರಿಗೆ ಕೊಂಡಿ ಎಂದಿನಂತೆಯೇ ಕಾಣುತ್ತದೆ, ಒತ್ತಿದರೆ ತೆರೆಯುತ್ತದೆ. ವ್ಯತ್ಯಾಸ ಕಾಣುವುದು ಗೂಗಲ್‌ಗೆ ಮಾತ್ರ.

'ಡೂಫಾಲೋ' ಎಂಬ ಗುರುತು ನಿಜವಾಗಿ ಯಾವುದೂ ಇಲ್ಲ. ಏನೂ ಗುರುತು ಹಾಕದ ಸಾದಾ ಕೊಂಡಿಗೆ ಮಾರುಕಟ್ಟೆಯವರು ಇಟ್ಟಿರುವ ಹೆಸರು ಅದು. ಹಾಗಾಗಿ "ದುಡ್ಡು ಕೊಡುತ್ತೇವೆ, ಡೂಫಾಲೋ ಬೇಕು" ಎಂದರೆ "ದುಡ್ಡು ಪಡೆದದ್ದನ್ನು ಗೂಗಲ್‌ಗೆ ಹೇಳಬೇಡಿ" ಎಂದೇ ಅರ್ಥ. ಗೂಗಲ್‌ನವರು ಇದನ್ನು ಪತ್ತೆ ಮಾಡಿ ಕ್ರಮ ಕೈಗೊಂಡರೆ, ಸೈಟಿನ ಒಡೆಯರಿಗೆಂದು ಅವರೇ ಕೊಡುವ ಸರ್ಚ್ ಕನ್ಸೋಲ್‌ನ `Manual actions` ಪುಟದಲ್ಲಿ `Unnatural links from your site` ಎಂಬ ಸೂಚನೆ ಕಾಣುತ್ತದೆ. ಆಮೇಲೆ ಅಂಥ ಕೊಂಡಿಗಳನ್ನೆಲ್ಲ ತೆಗೆದು ಅಥವಾ ಗುರುತು ಹಾಕಿ ಮರುಪರಿಶೀಲನೆಗೆ ಅರ್ಜಿ ಹಾಕಬೇಕು. ಸೂಚನೆ ಬರದೆಯೂ ನಷ್ಟವಾಗಬಹುದು: ಆ ಸೈಟಿನ ಕೊಂಡಿಗಳನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿಬಿಡಬಹುದು.

2024ರ ಮಾರ್ಚ್‌ನಲ್ಲಿ ಇದಕ್ಕೆ ಇನ್ನೊಂದು ನಿಯಮ ಸೇರಿತು. ಒಂದು ಸೈಟಿಗಿರುವ ಒಳ್ಳೆಯ ಹೆಸರನ್ನು ಬಳಸಿಕೊಂಡು ಹುಡುಕಾಟದಲ್ಲಿ ಮೇಲೆ ಬರಲೆಂದೇ ಹೊರಗಿನವರ ಸಂಬಂಧವಿಲ್ಲದ ಲೇಖನಗಳನ್ನು ಅಲ್ಲಿ ತುಂಬುವುದೂ ಸ್ಪ್ಯಾಮ್ ಎನಿಸಿಕೊಳ್ಳುತ್ತದೆ. ತೋಟದ ಬ್ಲಾಗಿನಲ್ಲಿ ದಿಢೀರನೆ ಸಾಲದ ಆ್ಯಪ್ ಬಗ್ಗೆ ನಾಲ್ಕು ಲೇಖನ ಬಂದರೆ ಅದು ಈ ನಿಯಮದ ಅಡಿಗೆ ಬರುವ ಸಾಧ್ಯತೆಯಿದೆ.

## ಕೇಳುವ ಪತ್ರ

ಈಗ ಬರೆಯುವವರ ಕಡೆಗೆ ಬರೋಣ. ಅತಿಥಿ ಲೇಖನಕ್ಕೆ ಕೇಳುವ ಇಮೇಲ್‌ಗಳಲ್ಲಿ ಹೆಚ್ಚಿನವು ಉತ್ತರ ಕಾಣದಿರಲು ಕಾರಣ ಒಂದೇ. "ನಿಮ್ಮ ಬ್ಲಾಗಿಗೆ ಏನಾದರೂ ಬರೆದುಕೊಡಲೇ?" ಎಂದು ಕೇಳಿದಾಗ ವಿಷಯ ಹುಡುಕುವ ಕೆಲಸ ಬ್ಲಾಗಿನವರ ತಲೆಗೇ ಬೀಳುತ್ತದೆ. ಅವರಿಗೆ ಬೇಕಾದದ್ದು ಕೆಲಸ ಕಡಿಮೆ ಮಾಡುವವರು.

ಆದ್ದರಿಂದ ಬರೆಯುವ ಮೊದಲು ಅರ್ಧ ಗಂಟೆ ಆ ಬ್ಲಾಗಿನಲ್ಲೇ ಕೂರಬೇಕು. ಕೊನೆಯ ಹತ್ತು ಲೇಖನ ಓದಿ, ಅವುಗಳ ಕೆಳಗೆ ಓದುಗರು ಕೇಳಿರುವ ಪ್ರಶ್ನೆಗಳನ್ನು ನೋಡಿ. ಉತ್ತರ ಸಿಗದೆ ಉಳಿದ ಪ್ರಶ್ನೆ ಇದ್ದರೆ ಅದೇ ನಿಮ್ಮ ವಿಷಯ. ಅದರ ಬಗ್ಗೆ ಅಲ್ಲಿ ಈಗಾಗಲೇ ಲೇಖನ ಇದೆಯೇ ಎಂದು ತಿಳಿಯಲು ಗೂಗಲ್‌ನಲ್ಲಿ ಹೀಗೆ ಹುಡುಕಿ:

```
site:example.com ಟೊಮೆಟೊ ರೋಗ
```

`example.com` ಇರುವಲ್ಲಿ ಆ ಬ್ಲಾಗಿನ ವಿಳಾಸ ಹಾಕಿದರೆ ಅಲ್ಲಿನ ಪುಟಗಳಷ್ಟೇ ಬರುತ್ತವೆ. ಏನೂ ಸಿಗದಿದ್ದರೆ ಪತ್ರ ಬರೆಯುವ ಹೊತ್ತು ಬಂತು. ತಾರಸಿ ತೋಟದ ಬ್ಲಾಗಿಗೆ ಬರೆಯುವ ಪತ್ರ ಹೀಗಿರಬಹುದು:

> ವಿಷಯ: ಅತಿಥಿ ಲೇಖನ – ಮಳೆಗಾಲದಲ್ಲಿ ಕುಂಡದ ಟೊಮೆಟೊಗೆ ಬರುವ ಅಂಗಮಾರಿ
>
> ನಮಸ್ಕಾರ ಮೇಡಂ,
>
> ಜೂನ್ ತಿಂಗಳ ತರಕಾರಿಗಳ ಬಗ್ಗೆ ನೀವು ಬರೆದ ಲೇಖನದ ಕೆಳಗೆ ಮೂವರು ಓದುಗರು ಟೊಮೆಟೊ ಎಲೆ ಕಪ್ಪಾಗಿ ಬಾಡುತ್ತಿದೆ ಎಂದು ಕೇಳಿದ್ದಾರೆ. ಅದರ ಬಗ್ಗೆ ನಿಮ್ಮಲ್ಲಿ ಬೇರೆ ಲೇಖನ ಕಾಣಲಿಲ್ಲ. ನಾನು ಬರೆದುಕೊಡಬಹುದೇ?
>
> ಎಲೆಯ ಮೇಲಿನ ನೀರು ಕುಡಿದಂಥ ಕಪ್ಪು ಮಚ್ಚೆ, ಬೆಳಗಿನ ಹೊತ್ತು ಎಲೆಯಡಿ ಕಾಣುವ ಬಿಳಿ ಬೂಷ್ಟು ನೋಡಿ ರೋಗ ಗುರುತಿಸುವುದು ಹೇಗೆ. ಎಲೆ ಒದ್ದೆಯಾಗಿಯೇ ಉಳಿದರೆ ಅದು ಏಕೆ ಹಬ್ಬುತ್ತದೆ. ಕುಂಡಗಳ ನಡುವೆ ಅಂತರ ಬಿಡುವುದು, ಕೆಳಗಿನ ಎಲೆ ಕೀಳುವುದು, ಬುಡಕ್ಕಷ್ಟೇ ನೀರು ಹಾಕುವುದು – ಇಷ್ಟು ವಿಷಯ ಇರುತ್ತದೆ. ಸುಮಾರು 900 ಪದ, ನಾನೇ ತೆಗೆದ 5 ಫೋಟೊ. ನೀವು ಹೂಂ ಎಂದ 12 ದಿನದೊಳಗೆ ಕಳಿಸುತ್ತೇನೆ. ಬೇರೆಲ್ಲೂ ಪ್ರಕಟವಾಗಿಲ್ಲ.
>
> ನಾನು ಆರು ವರ್ಷದಿಂದ ತಾರಸಿಯಲ್ಲಿ 40 ಕುಂಡಗಳಲ್ಲಿ ತರಕಾರಿ ಬೆಳೆಯುತ್ತಿದ್ದೇನೆ. ನನ್ನ ಎರಡು ಬರಹಗಳ ಕೊಂಡಿ ಕೆಳಗಿದೆ. ಲೇಖನದ ಕೊನೆಗೆ ಎರಡು ಸಾಲಿನ ಪರಿಚಯ, ನನ್ನ ಬ್ಲಾಗಿಗೆ ಒಂದು ಕೊಂಡಿ ಇದ್ದರೆ ಸಾಕು.

ಮೊದಲ ಪ್ಯಾರಾ ಓದುತ್ತಲೇ ಇವರು ಬ್ಲಾಗ್ ಓದಿದ್ದಾರೆ ಎಂಬುದು ತಿಳಿಯುತ್ತದೆ. ನೂರು ಜನರಿಗೆ ಒಟ್ಟಿಗೆ ಕಳಿಸುವ ಪತ್ರದಲ್ಲಿ ಅಂಥ ವಾಕ್ಯ ಬರಲು ಸಾಧ್ಯವೇ ಇಲ್ಲ. ಎರಡನೆಯದು ವಿಷಯ ಗೊತ್ತಿದೆ ಎಂಬುದನ್ನು ತೋರಿಸುತ್ತದೆ. ಎಲೆಯಡಿಯ ಬೂಷ್ಟನ್ನು ಬೆಳಿಗ್ಗೆ ನೋಡಬೇಕು ಎಂಬ ಒಂದು ಮಾತು, "ನಾನು ತೋಟಗಾರಿಕೆಯಲ್ಲಿ ಪರಿಣತ" ಎಂಬ ಹತ್ತು ಮಾತಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಬದಲಿಗೆ ಏನು ಬೇಕು ಎಂಬುದನ್ನು ಮುಚ್ಚಿಡದೆ ಕೊನೆಯಲ್ಲಿ ಹೇಳಿದೆ. ಇದನ್ನು ಬಿಟ್ಟರೆ ಬ್ಲಾಗಿನವರ ಮನಸ್ಸಿನಲ್ಲಿ 'ಇವರಿಗೆ ನಿಜವಾಗಿ ಏನು ಬೇಕಿದೆ' ಎಂಬ ಅನುಮಾನ ಉಳಿಯುತ್ತದೆ.

ಪೂರ್ತಿ ಲೇಖನವನ್ನು ಮೊದಲ ಪತ್ರದಲ್ಲೇ ಲಗತ್ತಿಸಬೇಡಿ. ಗುರುತಿಲ್ಲದವರು ಕಳಿಸಿದ ಫೈಲ್ ತೆರೆಯಲು ಜನ ಹಿಂಜರಿಯುತ್ತಾರೆ. ಜೊತೆಗೆ, ಬರೆದು ಮುಗಿಸಿದ ಲೇಖನವನ್ನು ಆ ಬ್ಲಾಗಿನ ಧಾಟಿಗೆ ತಿರುಗಿಸುವುದು ಕಷ್ಟ. ಉತ್ತರ ಬರದಿದ್ದರೆ ಎಂಟು ಹತ್ತು ದಿನ ಬಿಟ್ಟು ಅದೇ ಇಮೇಲ್‌ಗೆ ಎರಡು ಸಾಲಿನ ನೆನಪೋಲೆ ಹಾಕಿ. ಆಮೇಲೂ ಮೌನವಾದರೆ ಆ ವಿಷಯವನ್ನು ಇನ್ನೊಂದು ಬ್ಲಾಗಿಗೆ ಒಯ್ಯಬಹುದು. ಒಂದೇ ಲೇಖನವನ್ನು ಏಕಕಾಲಕ್ಕೆ ಇಬ್ಬರಿಗೆ ಕೊಡುವುದು ಮಾತ್ರ ಬೇಡ. ಇಬ್ಬರೂ ಒಪ್ಪಿ ಪ್ರಕಟಿಸಿದರೆ ಒಂದೇ ಬರಹ ಎರಡು ಕಡೆ ಬಂದು, ಹುಡುಕಾಟದಲ್ಲಿ ಎರಡರಲ್ಲಿ ಒಂದಷ್ಟೇ ಕಾಣುತ್ತದೆ, ಇನ್ನೊಬ್ಬರ ಬಾಗಿಲು ನಿಮಗೆ ಮುಚ್ಚುತ್ತದೆ. ಮುಂದೆ ಅದನ್ನು ನಿಮ್ಮ ಬ್ಲಾಗಿನಲ್ಲೂ ಹಾಕುವ ಆಸೆಯಿದ್ದರೆ, ಎಷ್ಟು ದಿನದ ಬಳಿಕ ಎಂಬುದನ್ನು ಪ್ರಕಟಣೆಗೆ ಮೊದಲೇ ಕೇಳಿಕೊಳ್ಳಿ.

ಕಂಪನಿಯೊಂದಕ್ಕೆ ಪ್ರಾಯೋಜನೆ ಕೇಳಿ ಬರೆಯುವ ಪತ್ರವೂ ಇದೇ ಅಚ್ಚಿನದು. ಓದುಗರ ಪ್ರಶ್ನೆಯ ಜಾಗದಲ್ಲಿ ಅವರ ವಸ್ತು ಪರಿಹರಿಸುವ ಸಮಸ್ಯೆ ಬರುತ್ತದೆ, ಫೋಟೊಗಳ ಜಾಗದಲ್ಲಿ ನಿಮ್ಮ ಓದುಗರ ಅಂಕಿ ಬರುತ್ತದೆ.

## ದರ: ತಳ ಎಲ್ಲಿ, ಮೇಲ್ಮಿತಿ ಎಲ್ಲಿ

ಕಂಪನಿಯೊಂದು 50 ಕುಂಡಗಳಿಗಾಗುವ, ಟೈಮರ್ ಇರುವ ಹನಿ ನೀರಾವರಿ ಕಿಟ್ ಮಾರುತ್ತದೆ. ಬೆಲೆ ₹4,000. ತೋಟದ ಬ್ಲಾಗಿನವರು ಅದನ್ನು ಬಳಸಿ ನೋಡಿ ಬರೆಯಬೇಕು ಎಂದು ಕೇಳಿಕೊಂಡಿದೆ. ಎಷ್ಟು ಕೇಳಬೇಕು?

ಬಹಳ ಜನ ಬೇರೆಯವರ ದರ ವಿಚಾರಿಸಿ ಅದನ್ನೇ ಹೇಳುತ್ತಾರೆ. ಇಲ್ಲವೇ ಡಿಎ, ಡಿಆರ್ ಎಂಬ ಅಂಕಗಳ ಮೇಲೆ ದರ ಕಟ್ಟುತ್ತಾರೆ. ಇವು ಮೋಜ್, ಎಹ್ರೆಫ್ಸ್ ಎಂಬ ಖಾಸಗಿ ಕಂಪನಿಗಳು ಕೊಂಡಿಗಳನ್ನು ಎಣಿಸಿ ಕೊಡುವ ನೂರರೊಳಗಿನ ಅಂಕ. ಗೂಗಲ್‌ನ ಅಂಕವಲ್ಲ, ಓದುಗರ ಲೆಕ್ಕವೂ ಅಲ್ಲ. ಇದರ ಮೇಲೆ ನಿಂತ ದರ ಕೊನೆಗೂ ಲಿಂಕಿನ ದರವೇ.

ಅದರ ಬದಲು ಎರಡು ಸಂಖ್ಯೆ ಕಂಡುಕೊಳ್ಳಿ. ಒಂದು, ಇದಕ್ಕಿಂತ ಕಡಿಮೆಗೆ ಒಪ್ಪಿದರೆ ನಿಮಗೆ ನಷ್ಟ ಎಂಬ ತಳ. ಇನ್ನೊಂದು, ಇದಕ್ಕಿಂತ ಹೆಚ್ಚು ಕೊಟ್ಟರೆ ಕಂಪನಿಗೆ ನಷ್ಟ ಎಂಬ ಮೇಲ್ಮಿತಿ.

ತಳ ಎಂದರೆ ಕೆಲಸದ ಕೂಲಿ. ಗಂಟೆಗಳನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಕಿಟ್ ಜೋಡಿಸಿ ಒಂದು ವಾರ ನೋಡಿಕೊಳ್ಳಲು ಒಟ್ಟು 3 ಗಂಟೆ, ಫೋಟೊ ತೆಗೆದು ಸರಿಪಡಿಸಲು 2, ಬರೆಯಲು 4, ಕಂಪನಿ ಹೇಳಿದ ಒಂದು ಸುತ್ತಿನ ತಿದ್ದುಪಡಿಗೆ 1, ಬ್ಲಾಗಿಗೆ ಏರಿಸಲು 1. ಒಟ್ಟು 11 ಗಂಟೆ. ನಿಮ್ಮ ಗಂಟೆಗೆ ₹400 ಎಂದಿಟ್ಟರೆ ₹4,400. ಹೊಸಬರು ತಪ್ಪುವುದು ಬಳಸಿ ನೋಡುವ ಮತ್ತು ತಿದ್ದುವ ಗಂಟೆಗಳನ್ನು ಬಿಟ್ಟುಬಿಡುವುದರಲ್ಲಿ. ಬರೆದ ನಾಲ್ಕು ಗಂಟೆಯಷ್ಟೇ ಎಣಿಸಿದರೆ ಅದೇ ಕೆಲಸ ₹1,600ಕ್ಕೆ ಹೋಗಿಬಿಡುತ್ತದೆ.

ಮೇಲ್ಮಿತಿಗೆ ಓದುಗರ ಸಂಖ್ಯೆ ಬೇಕು. ತಿಂಗಳ 18,000 ಎಂಬ ದೊಡ್ಡ ಸಂಖ್ಯೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅದು ಹಳೆಯ ನೂರಾರು ಲೇಖನಗಳ ಒಟ್ಟು ಮೊತ್ತ. ಕಂಪನಿಗೆ ಸಿಗುವುದು ಒಂದು ಹೊಸ ಲೇಖನದ ಓದುಗರು ಮಾತ್ರ. ಗೂಗಲ್ ಅನಲಿಟಿಕ್ಸ್‌ನ `Pages and screens` ವರದಿ ತೆರೆದು, ಒಂದು ವರ್ಷ ತುಂಬಿದ ಹನ್ನೊಂದು ಲೇಖನ ಆರಿಸಿ, ಪ್ರತಿಯೊಂದೂ ಮೊದಲ 90 ದಿನದಲ್ಲಿ ಮತ್ತು ಮೊದಲ ವರ್ಷದಲ್ಲಿ ಎಷ್ಟು ಸಲ ಓದಿಸಿಕೊಂಡಿತು ಎಂದು ಬರೆದುಕೊಳ್ಳಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಸರಾಸರಿ ತೆಗೆಯಬೇಡಿ. ವಾಟ್ಸಾಪ್‌ನಲ್ಲಿ ಹಬ್ಬಿದ ಒಂದೇ ಲೇಖನ ಸರಾಸರಿಯನ್ನು ಎಲ್ಲಿಗೋ ಎಳೆದುಬಿಡುತ್ತದೆ. ನಮ್ಮ ಬ್ಲಾಗಿಗೆ ಹೀಗೆ ಸಿಕ್ಕಿದ್ದು 90 ದಿನಕ್ಕೆ 900, ವರ್ಷಕ್ಕೆ 2,400 ಎಂದುಕೊಳ್ಳೋಣ.

ಈಗ ಕಂಪನಿಯ ಜಾಗದಲ್ಲಿ ನಿಂತು ನೋಡಿ. 2,400 ಓದಿನಲ್ಲಿ ನೂರಕ್ಕೆ ಐದು ಸಲ ಕೊಂಡಿ ಒತ್ತಿದರೆ 120 ಜನ ಕಂಪನಿಯ ಪುಟ ತಲುಪುತ್ತಾರೆ. ಅವರಲ್ಲಿ ಇಪ್ಪತ್ತಕ್ಕೆ ಒಬ್ಬರು ಕೊಂಡರೆ 6 ಕಿಟ್. ಒಂದು ಕಿಟ್‌ಗೆ ಕಂಪನಿಗೆ ಉಳಿಯುವುದು ₹1,200 ಎಂದರೆ ವರ್ಷಕ್ಕೆ ₹7,200. ಇದೇ ಮೇಲ್ಮಿತಿ. ನೂರಕ್ಕೆ ಐದು, ಇಪ್ಪತ್ತಕ್ಕೆ ಒಂದು ಎಂಬುವು ಈ ಉದಾಹರಣೆಗೆ ಹಿಡಿದ ಅಂದಾಜು. ಮೊದಲನೆಯದು ನಿಮ್ಮ ಹಳೆಯ ಲೇಖನಗಳಿಂದ ಸಿಗುತ್ತದೆ, ಎರಡನೆಯದನ್ನು ಕಂಪನಿಯನ್ನೇ ಕೇಳಬೇಕು. ನೇರವಾಗಿ ಕೇಳಿ, ಹೆಚ್ಚಿನವರು ಹೇಳುತ್ತಾರೆ.

ತಳ ₹4,400, ಮೇಲ್ಮಿತಿ ₹7,200. ₹6,500 ಎಂದು ಹೇಳಿದರೆ ಇಬ್ಬರಿಗೂ ಉಳಿಯುತ್ತದೆ. ಕೂಲಿ ಕಳೆದು ಉಳಿಯುವ ₹2,100 ನಿಮ್ಮ ಗೋಡೆಯ ಬಾಡಿಗೆ. ಚಿಕ್ಕ ಬ್ಲಾಗುಗಳಲ್ಲಿ ಬಾಡಿಗೆಗಿಂತ ಕೂಲಿಯೇ ದೊಡ್ಡದು ಎಂಬುದನ್ನು ಗಮನಿಸಿ. ಓದುಗರು ಹತ್ತು ಪಟ್ಟಾದರೂ ಕೂಲಿ ಅಷ್ಟೇ ಇರುತ್ತದೆ, ಬಾಡಿಗೆ ಮಾತ್ರ ಬೆಳೆಯುತ್ತದೆ.

ಇದೇ ಲೆಕ್ಕ ಬೇಡವೆನ್ನಬೇಕಾದ ಕೆಲಸವನ್ನೂ ತೋರಿಸಿಕೊಡುತ್ತದೆ. ವಸ್ತು ₹150ರ ಗೊಬ್ಬರದ ಪ್ಯಾಕೆಟ್, ಉಳಿಯುವುದು ₹30 ಎಂದಾದರೆ, 20 ಪ್ಯಾಕೆಟ್ ಹೋದರೂ ಕಂಪನಿಗೆ ₹600. ಮೇಲ್ಮಿತಿ ತಳಕ್ಕಿಂತ ಕೆಳಗಿದೆ. ಇಲ್ಲಿ ಪೂರ್ತಿ ಲೇಖನದ ಪ್ರಾಯೋಜನೆ ಯಾರಿಗೂ ಲಾಭವಿಲ್ಲ. ನೀವು ಹೇಗೂ ಬರೆಯಲಿದ್ದ ಗೊಬ್ಬರದ ಲೇಖನದ ಮೇಲೆ ಒಂದು ಜಾಹೀರಾತು ಚೌಕ ಹಾಕಿ ಮುಗಿಸುವುದು ಮೇಲು.

ಕಂಪನಿ "₹3,000ಕ್ಕೆ ಮಾಡಿಕೊಡಿ" ಎಂದರೆ ದರ ಇಳಿಸಬೇಡಿ, ಕೆಲಸ ಇಳಿಸಿ. ವಾರದ ಪರೀಕ್ಷೆ ಬೇಡ, ಫೋಟೊ ಅವರದೇ, 500 ಪದದ ಪರಿಚಯವಷ್ಟೇ ಎಂದಾದರೆ ಗಂಟೆಗಳು ನಾಲ್ಕಕ್ಕೆ ಇಳಿಯುತ್ತವೆ, ಕೂಲಿ ₹1,600 ಆಗುತ್ತದೆ, ₹3,000 ಸರಿಹೋಗುತ್ತದೆ. ಆಗ "ಬಳಸಿ ನೋಡಿದೆ" ಎಂದು ಮಾತ್ರ ಬರೆಯುವಂತಿಲ್ಲ. ಪೂರ್ತಿ ಕೆಲಸವನ್ನೇ ₹3,000ಕ್ಕೆ ಮಾಡಿಕೊಟ್ಟರೆ ಮುಂದಿನ ಸಲವೂ ಅದೇ ನಿಮ್ಮ ದರವಾಗುತ್ತದೆ.

ನಿಮ್ಮ ಫೋಟೊಗಳನ್ನು ಕಂಪನಿ ತನ್ನ ಇನ್‌ಸ್ಟಾಗ್ರಾಂನಲ್ಲಿ, ಪೆಟ್ಟಿಗೆಯ ಮೇಲೆ ಬಳಸಿಕೊಳ್ಳುತ್ತೇನೆಂದರೆ ಅದು ಬೇರೆಯೇ ಸರಕು. ಎಲ್ಲಿ ಬಳಸುತ್ತಾರೆ, ಎಷ್ಟು ತಿಂಗಳು ಎಂದು ಕೇಳಿ ಬೇರೆ ದರ ಹಾಕಿ.

ತೆರಿಗೆಯ ಮಾತು ಚಿಕ್ಕದು. ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ. ಕಂಪನಿ ಟಿಡಿಎಸ್ ಹಿಡಿದುಕೊಂಡು ಕೊಟ್ಟರೆ ಆ ಮೊತ್ತ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

## 'ಪ್ರಾಯೋಜಿತ' ಎಂದು ಬರೆಯುವುದು ಕಾನೂನಿನ ಮಾತು

ಗೂಗಲ್‌ಗೆ ಹಾಕುವ ಗುರುತು ಒಂದು, ಓದುಗರಿಗೆ ಹೇಳುವುದು ಇನ್ನೊಂದು. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಾಮಾಜಿಕ ಜಾಲತಾಣಗಳಲ್ಲಿ ವಸ್ತುಗಳನ್ನು ಹೊಗಳುವವರಿಗಾಗಿ ಇನ್ನಷ್ಟು ವಿವರ ಕೊಟ್ಟಿತು. ಹಣ ಮಾತ್ರವಲ್ಲ, ಉಚಿತವಾಗಿ ಬಂದ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ್ತವ್ಯ ಎಲ್ಲವನ್ನೂ ಹೇಳಬೇಕು. ಕಿಟ್ ಇಟ್ಟುಕೊಂಡರೆ ಅದನ್ನೂ ಹೇಳಬೇಕು. ಲೇಖನದ ಭಾಷೆಯಲ್ಲೇ ಹೇಳಬೇಕು ಎಂಬುದು ಕನ್ನಡದವರು ಗಮನಿಸಬೇಕಾದ ಅಂಶ. ಕನ್ನಡ ಲೇಖನದ ತಳದಲ್ಲಿ ಸಣ್ಣ ಅಕ್ಷರದ ಇಂಗ್ಲಿಷ್ ಸಾಲು ಸಾಲದು. ಶೀರ್ಷಿಕೆಯ ಕೆಳಗೇ, ಮೊದಲ ಪ್ಯಾರಾಕ್ಕೆ ಮುನ್ನ, "ಪ್ರಾಯೋಜಿತ ಲೇಖನ: ಇದಕ್ಕೆ ಕಂಪನಿಯಿಂದ ಹಣ ಮತ್ತು ಒಂದು ಕಿಟ್ ಪಡೆದಿದ್ದೇವೆ" ಎಂದರೆ ಮುಗಿಯಿತು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಸಲ ₹10 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ.

ಕೆಲವು ವಿಷಯಗಳನ್ನು ಯಾವ ದರಕ್ಕೂ ಒಪ್ಪಬಾರದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರ ಕೇಂದ್ರ ಕಾಯ್ದೆ ಅಪರಾಧವೆಂದು ಹೇಳುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿಮಾಡುವ ಔಷಧಿ ಎಂಬಂಥ ಪ್ರಚಾರಕ್ಕೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ಅಡ್ಡಿ. ಮನೆಮದ್ದಿನ ಕನ್ನಡ ಬ್ಲಾಗುಗಳಿಗೆ ಬರುವ ಕೋರಿಕೆಗಳಲ್ಲಿ ಇಂಥವು ಇರುತ್ತವೆ, ಆದ್ದರಿಂದ ಆ ಬ್ಲಾಗಿನವರು ವಿಶೇಷವಾಗಿ ಎಚ್ಚರ ವಹಿಸಬೇಕು.

## ಎಲ್ಲಿ ಎಡವುತ್ತದೆ

ಹಣದ ಜಗಳಕ್ಕಿಂತ ಹೆಚ್ಚು ಜಗಳ ಒಂದು ವಾಕ್ಯದ ಮೇಲೆ ಆಗುತ್ತದೆ. "ಟೈಮರ್‌ಗೆ ಮಳೆ ನೀರು ತಾಗಿದರೆ ನಿಂತುಹೋಗುತ್ತದೆ, ಮೇಲೊಂದು ಮುಚ್ಚಳ ಬೇಕು" ಎಂದು ನೀವು ಬರೆದಿರುತ್ತೀರಿ. ಕಂಪನಿ ಅದನ್ನು ತೆಗೆಯಿರಿ ಎನ್ನುತ್ತದೆ. ಓದುಗರು ನಿಮ್ಮ ಮಾತು ನಂಬಿ ₹4,000 ಕೊಡುವವರು. ಆ ವಾಕ್ಯ ಉಳಿಯಬೇಕು. ಉಳಿಸಿಕೊಳ್ಳುವ ಶಕ್ತಿ ಬರುವುದು ಕೆಲಸಕ್ಕೆ ಮೊದಲೇ ಇಮೇಲ್‌ನಲ್ಲಿ ಬರೆದಿಟ್ಟ ಒಪ್ಪಂದದಿಂದ: ಬೆಲೆ, ಅಳತೆಯಂಥ ತಪ್ಪು ಮಾಹಿತಿಯನ್ನು ಕಂಪನಿ ತಿದ್ದಬಹುದು, ಅಭಿಪ್ರಾಯವನ್ನು ತಿದ್ದುವಂತಿಲ್ಲ. ಲೇಖನವೇ ಬೇಡವೆಂದು ಕಂಪನಿ ಹಿಂದೆ ಸರಿದರೆ ಕೂಲಿಯ ಭಾಗ, ಅಂದರೆ ₹4,400, ಕೊಡಬೇಕು. ಅರ್ಧ ಹಣ ಮುಂಗಡ, ಉಳಿದದ್ದು ಪ್ರಕಟವಾದ ಏಳು ದಿನದೊಳಗೆ. ತಿದ್ದುಪಡಿ ಒಂದೇ ಸುತ್ತು. ಕೊಂಡಿಗೆ `sponsored` ಗುರುತು ಇರುತ್ತದೆ. ಲೇಖನ ಕನಿಷ್ಠ 12 ತಿಂಗಳು ಇರುತ್ತದೆ. ಆರೇಳು ಸಾಲಿನ ಈ ಇಮೇಲ್‌ಗೆ ಅವರು "ಒಪ್ಪಿದೆ" ಎಂದ ಮೇಲೆಯೇ ಕಿಟ್ ಪೆಟ್ಟಿಗೆ ಬಿಚ್ಚಿ.

ಎರಡನೆಯ ಎಡವಟ್ಟು ನಿಧಾನವಾಗಿ ಗೊತ್ತಾಗುವಂಥದ್ದು. ಪ್ರಕಟವಾದಾಗ ಕೊಂಡಿ ತೋಟದ ಪುಟಕ್ಕೇ ಹೋಗುತ್ತಿರುತ್ತದೆ. ಆರು ತಿಂಗಳ ಬಳಿಕ ಅದೇ ಕೊಂಡಿ ಜೂಜಿನ ಸೈಟಿಗೆ ತಿರುಗಿಕೊಂಡಿರುತ್ತದೆ. ವಿಳಾಸದ ಒಡೆತನ ಕೈಬದಲಾದರೆ ಹೀಗಾಗುತ್ತದೆ. ಬೇಕೆಂದೇ ಹೀಗೆ ಮಾಡುವವರೂ ಇದ್ದಾರೆ. ಆರು ತಿಂಗಳಿಗೊಮ್ಮೆ ಪ್ರಾಯೋಜಿತ ಲೇಖನಗಳ ಎಲ್ಲ ಕೊಂಡಿಗಳನ್ನು ಒತ್ತಿ ನೋಡುವುದೊಂದೇ ದಾರಿ. ಹಳೆಯ ಲೇಖನವೊಂದರೊಳಗೆ ಒಂದು ಸಾಲು, ಒಂದು ಕೊಂಡಿ ಸೇರಿಸಿದರೆ ಸಾಕು ಎಂದು ಬರುವ ಕೋರಿಕೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ಹಣ ಪಡೆದದ್ದನ್ನು ಓದುಗರಿಗೆ ಹೇಳಲು ಜಾಗವೇ ಇರುವುದಿಲ್ಲ.

ಕೋರಿಕೆ ನಿಜವಾದ ಕಂಪನಿಯದ್ದೇ ಎಂದು ತಿಳಿಯಲು ಕಂಪನಿಯ ಸ್ವಂತ ವಿಳಾಸದ ಇಮೇಲ್‌ನಿಂದ ಒಂದು ಸಾಲು ಬರೆಯುವಂತೆ ಕೇಳಿ. ಬಿಲ್ ಯಾರ ಹೆಸರಿಗೆ ಮಾಡಬೇಕು ಎಂದೂ ಕೇಳಿ. ಲಿಂಕ್ ದಲ್ಲಾಳಿಗಳು ಸಾಮಾನ್ಯವಾಗಿ ಈ ಎರಡು ಪ್ರಶ್ನೆಗಳ ಬಳಿಕ ಮತ್ತೆ ಬರೆಯುವುದಿಲ್ಲ.

## ಪ್ರಕಟವಾದ ಮೇಲೆ

ಕಂಪನಿಗೆ ಕೊಡುವ ಕೊಂಡಿಯ ಬಾಲಕ್ಕೆ ಒಂದು ಗುರುತು ಸೇರಿಸಿದರೆ, ನಿಮ್ಮ ಬ್ಲಾಗಿನಿಂದ ಎಷ್ಟು ಜನ ಬಂದರು, ಎಷ್ಟು ಜನ ಕೊಂಡರು ಎಂಬುದು ಅವರ ಅನಲಿಟಿಕ್ಸ್‌ನಲ್ಲಿ ಬೇರೆಯಾಗಿ ಕಾಣುತ್ತದೆ:

```
https://example.com/kit?utm_source=tarasitota&utm_medium=sponsored&utm_campaign=hani-kit
```

90 ದಿನ ಕಳೆದ ಮೇಲೆ ಮೂರು ಅಂಶಗಳ ಸಣ್ಣ ವರದಿ ಕಳಿಸಿ: ಎಷ್ಟು ಸಲ ಓದಿದರು, ಎಷ್ಟು ಸಲ ಕೊಂಡಿ ಒತ್ತಿದರು, ಓದುಗರು ಕೆಳಗೆ ಏನು ಕೇಳಿದರು. ಅದರಲ್ಲೇ ಎಷ್ಟು ಕಿಟ್ ಹೋದವು ಎಂದು ವಿಚಾರಿಸಿ. ನಮ್ಮ ಅಂದಾಜಿನಂತೆ 90 ದಿನದಲ್ಲಿ 900 ಓದಿಗೆ 45 ಜನ ಹೋಗಿ, ಎರಡು ಮೂರು ಕಿಟ್ ಮಾರಾಟವಾಗಬೇಕು. ಐದು ಹೋಗಿದ್ದರೆ ಮೂರೇ ತಿಂಗಳಲ್ಲಿ ಕಂಪನಿಗೆ ₹6,000 ಉಳಿದಿದೆ, ಮುಂದಿನ ಲೇಖನದ ಮೇಲ್ಮಿತಿ ಎತ್ತರಕ್ಕೆ ಹೋಗಿದೆ, ₹9,000 ಕೇಳಲು ನಿಮ್ಮ ಕೈಯಲ್ಲಿ ಅವರದೇ ಸಂಖ್ಯೆಯಿದೆ. ಒಂದೂ ಹೋಗದಿದ್ದರೆ ಮೊದಲು ಅವರ ಪುಟ ತೆರೆದು ನೋಡಿ. ಕನ್ನಡ ಲೇಖನ ಓದಿ ಬಂದವರಿಗೆ ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ಇದ್ದರೆ ಅಲ್ಲಿಂದಲೇ ಹಿಂದಿರುಗುವವರು ಹೆಚ್ಚು. ಕಿಟ್ ಜೋಡಿಸುವ ವಿಧಾನವನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಡುತ್ತೇನೆ ಎಂದು ಅದೇ ಇಮೇಲ್‌ನಲ್ಲಿ ಕೇಳಬಹುದು. ಅದು ಬೇರೆ ಕೆಲಸ, ಗಂಟೆಗಳನ್ನು ಮತ್ತೆ ಎಣಿಸಿ ದರ ಹೇಳಿ.